ನಾಟಿ ಕೋಳಿ ಊಟದ ವಿಡಿಯೊ: ತಟ್ಟೆಗೆ ಬೀಳುವಷ್ಟನ್ನೇ ತೋರಿಸುವುದು ಹೇಗೆ?

ಪ್ರಶ್ನೆ: ಮದ್ದೂರಿನ ಹಳೇ ಹೆದ್ದಾರಿ ಪಕ್ಕ ನಮ್ಮದೊಂದು ಚಿಕ್ಕ ಹೋಟೆಲ್. ಅಪ್ಪ ಸಾರು ಮಾಡ್ತಾರೆ, ಅಮ್ಮ ಮುದ್ದೆ ಕಟ್ತಾರೆ, ಕೌಂಟರ್ ನಂದು. ಬರೋ ತಿಂಗಳಿಂದ ಭಾನುವಾರ ಮಾತ್ರ ನಾಟಿ ಕೋಳಿ ಊಟ ಶುರು ಮಾಡ್ತಿದ್ದೀವಿ, 280 ರೂಪಾಯಿ. ಅದಕ್ಕೊಂದು ವಿಡಿಯೊ ಬೇಕು. ಹೋದ ವರ್ಷ ಒಬ್ಬ ಯೂಟ್ಯೂಬರ್ ಬಂದು ನಮ್ಮ ಮಟನ್ ಊಟಕ್ಕೆ ‘ಬಾಯಲ್ಲಿ ಕರಗುತ್ತೆ, ಅನ್‌ಲಿಮಿಟೆಡ್’ ಅಂತೆಲ್ಲ ಹೇಳಿ ಹೋದ. ಜನ ಬಂದರು, ಆಮೇಲೆ ದಿನಾ ಜಗಳ. ಈ ಸಲ ರುಚಿ, ಪ್ರಮಾಣ ಎರಡನ್ನೂ ಇದ್ದ ಹಾಗೆ ಹೇಳಬೇಕು. ಸಪ್ಪೆ ಮಾತ್ರ ಆಗಬಾರದು.

ಉತ್ತರ: ಫೋನ್ ಆಮೇಲೆ. ಮೊದಲು ತಕ್ಕಡಿ ಹೊರಗೆ ತೆಗೆಯಿರಿ.

ಎಷ್ಟು ಬಡಿಸುತ್ತೀರಿ ಅಂತ ನಿಮಗೇ ನಿಖರವಾಗಿ ಗೊತ್ತಿಲ್ಲದಿದ್ದರೆ ವಿಡಿಯೊದಲ್ಲಿ ಅದನ್ನು ಸರಿಯಾಗಿ ಹೇಳಲು ಆಗುವುದಿಲ್ಲ. ಬಹಳ ಮನೆ ಹೋಟೆಲ್‌ಗಳಲ್ಲಿ ಅಳತೆ ಇರುವುದು ಬಡಿಸುವವರ ಕೈಯಲ್ಲಿ. ಅಪ್ಪ ಬಡಿಸಿದರೆ ಒಂದು ಲೆಕ್ಕ, ನೀವು ಬಡಿಸಿದರೆ ಇನ್ನೊಂದು. ಪರಿಚಯದವರು ಬಂದರೆ ಇನ್ನೊಂದು ಸೌಟು ಜಾಸ್ತಿ. ದಿನಾ ಬರುವವರಿಗೆ ಇದರಿಂದ ತೊಂದರೆ ಇಲ್ಲ. ಆದರೆ ವಿಡಿಯೊ ನೋಡಿ ಬರುವವನ ತಲೆಯಲ್ಲಿ ಒಂದೇ ಒಂದು ತಟ್ಟೆಯ ಚಿತ್ರ ಇರುತ್ತದೆ, ಅದನ್ನೇ ತನ್ನ ಮುಂದಿನ ತಟ್ಟೆಯ ಪಕ್ಕ ಇಟ್ಟು ನೋಡುತ್ತಾನೆ. ನಿಮ್ಮ ಊರಿನ ವಿಷಯದಲ್ಲಿ ಇನ್ನೊಂದು ಮಾತೂ ಇದೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದು ವಾಹನಗಳೆಲ್ಲ ಬೈಪಾಸ್ ಹಿಡಿದ ಮೇಲೆ ಹಳೇ ರಸ್ತೆಯ ಹೋಟೆಲ್‌ಗಳಿಗೆ ದಾರಿಹೋಕ ಗಿರಾಕಿ ಕಡಿಮೆ. ಈಗ ಬೆಂಗಳೂರಿನಿಂದ ನಿಮ್ಮ ಬಾಗಿಲಿಗೆ ಬರುವವನು ಬೇಕೆಂದೇ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿದು ಬಂದಿರುತ್ತಾನೆ, ಹೆಂಡತಿ ಮಕ್ಕಳನ್ನೂ ಒಪ್ಪಿಸಿ ಕರೆತಂದಿರುತ್ತಾನೆ. ಅವನಿಗೆ ಬೇಜಾರಾದರೆ ಸುಮ್ನೆ ಕೈ ತೊಳೆದು ಹೋಗುವುದಿಲ್ಲ. ರಿವ್ಯೂ ಬರೆದೇ ಹೋಗುತ್ತಾನೆ.

ಒಂದು ಕೋಳಿಯ ಲೆಕ್ಕ ಹಾಕೋಣ. ಒಂದೂವರೆ ಕೆಜಿ ತೂಗುವ ಜೀವಂತ ನಾಟಿ ಕೋಳಿ, ಪುಕ್ಕ ತೆಗೆದು ಸುಟ್ಟು ಅರಿಶಿನ ಹಚ್ಚಿ ತೊಳೆದು ಕತ್ತರಿಸಿದ ಮೇಲೆ ಸುಮಾರು ಒಂದು ಕೆಜಿ ಬಾಡು ಕೊಡುತ್ತದೆ. ಇದು ಚರ್ಮ, ಮೂಳೆ, ಈಲಿ, ಗುಂಡಿಗೆ ಎಲ್ಲ ಸೇರಿದ ಲೆಕ್ಕ. ಸಾರಿನ ಪೀಸು ಅಂದರೆ 45–50 ಗ್ರಾಂ, ಹಾಗಾಗಿ 20ರಿಂದ 22 ಪೀಸು. ತಟ್ಟೆಗೆ 4 ಪೀಸಿನಂತೆ 5 ಊಟ. ಬೆಂದ ಮೇಲೆ ಬಾಡು ನೀರು ಬಿಟ್ಟು ಕುಗ್ಗುತ್ತದೆ. ಆ ನಾಲ್ಕು ಪೀಸು ತಕ್ಕಡಿಗೆ ಹಾಕಿದರೆ 140–150 ಗ್ರಾಂ ಬಂದೀತು, ಅದರಲ್ಲೂ ಮೂಳೆ ಪಾಲು ದೊಡ್ಡದು. ಇದು ನನ್ನ ಅಂದಾಜು. ನಿಮ್ಮ ಕೋಳಿ, ನಿಮ್ಮ ಕತ್ತಿ ಬೇರೆ, ನೀವೇ ತೂಗಿ ನೋಡಬೇಕು. ಎರಡು ಭಾನುವಾರ ಮನೆಯವರಿಗೆ, ನೆಂಟರಿಗೆ ಬಡಿಸುವಾಗಲೇ ಒಂದೊಂದು ತಟ್ಟೆಯನ್ನೂ ತೂಗಿ ಬರೆದಿಡಿ. ಆಮೇಲೆ ಸರಾಸರಿ ತೆಗೆಯಬೇಡಿ. ಎಲ್ಲಕ್ಕಿಂತ ಕಡಿಮೆ ಬಂದ ತಟ್ಟೆ ಯಾವುದೋ ಅದೇ ನಿಮ್ಮ ವಿಡಿಯೊದ ತಟ್ಟೆ.

ಇದನ್ನು ಹೇಳಿದಾಗ ಹೋಟೆಲ್‌ನವರ ಮುಖ ಸಪ್ಪಗಾಗುತ್ತದೆ, ನೋಡಿದ್ದೇನೆ. ಕಡಿಮೆ ತಟ್ಟೆ ತೋರಿಸಿದರೆ ಯಾರು ಬರುತ್ತಾರೆ ಅನ್ನುತ್ತಾರೆ. ಆದರೆ ಸರಾಸರಿ ತಟ್ಟೆ ತೋರಿಸಿದರೆ ಹೆಚ್ಚುಕಡಿಮೆ ಅರ್ಧ ಜನಕ್ಕೆ ವಿಡಿಯೊಕ್ಕಿಂತ ಕಡಿಮೆ ಸಿಗುತ್ತದೆ ಅಂತಲೇ ಅರ್ಥ, ಅಲ್ವಾ? ಕಡಿಮೆ ತಟ್ಟೆ ತೋರಿಸಿದರೆ ಎಲ್ಲರಿಗೂ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ. ಆ ಕಡಿಮೆ ತಟ್ಟೆಯನ್ನು ತೋರಿಸಲು ನಿಮಗೇ ನಾಚಿಕೆಯಾದರೆ ತೊಂದರೆ ವಿಡಿಯೊದಲ್ಲಿಲ್ಲ, ಪ್ಲೇಟಿನಲ್ಲಿದೆ. ಒಂದು ಪೀಸು ಸೇರಿಸಿ ರೇಟು ಏರಿಸುವುದೋ ಹಾಗೇ ಬಿಡುವುದೋ ಅಪ್ಪನ ಜೊತೆ ಕೂತು ತೀರ್ಮಾನಿಸಿ, ಆಮೇಲೆ ಶೂಟ್ ಮಾಡಿ.

ಈಗ ಲೆಗ್ ಪೀಸಿನ ವಿಷಯ. ಯಾವ ಕೋಳಿ ಸಾರಿನ ವಿಡಿಯೊ ನೋಡಿ, ತಟ್ಟೆಯ ಮುಂದೆ ಒಂದು ಕಾಲು ಎದ್ದು ನಿಂತಿರುತ್ತದೆ. ಒಂದು ಕೋಳಿಗೆ ಎರಡೇ ಕಾಲು, ಊಟ ಐದು. ಅಂದರೆ ಐದರಲ್ಲಿ ಮೂರು ಜನಕ್ಕೆ ಲೆಗ್ ಪೀಸು ಬರುವುದಿಲ್ಲ. ಆ ಮೂರು ಜನ ಬಡಿಸುವವರನ್ನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತು. ಕತ್ತು, ಬೆನ್ನು, ಎದೆ, ತೊಡೆಯ ಒಂದು ತುಂಡು, ಹೀಗೆ ಕಾಲಿಲ್ಲದ ತಟ್ಟೆಯನ್ನೇ ಶೂಟ್ ಮಾಡಿ. ಮೊಟ್ಟೆ ಇಡುವ ಹೇಟೆ ಕೊಯ್ದಾಗ ಹೊಟ್ಟೆಯೊಳಗೆ ಸಿಗುವ ಹಳದಿ ಮೊಟ್ಟೆಗಳದ್ದೂ ಇದೇ ಕಥೆ. ಸಾರಿನಲ್ಲಿ ತೇಲುವಾಗ ಬಹಳ ಚೆನ್ನಾಗಿ ಕಾಣುತ್ತವೆ, ಆದರೆ ಪಾತ್ರೆಗೆ ನಾಲ್ಕೋ ಐದೋ ಇರುತ್ತವೆ. ಅವನ್ನು ಕ್ಯಾಮೆರಾ ಮುಂದೆ ಇಡಬೇಡಿ.

ಮುಚ್ಚಳ ತೆಗೆಯುವ ಶಾಟ್ ಎಲ್ಲರಿಗೂ ಇಷ್ಟ. ದೊಡ್ಡ ಪಾತ್ರೆ, ಹಬೆ, ಕೆಂಪು ಸಾರಿನ ಮೇಲೆ ಎಣ್ಣೆ, ಒಳಗೆ ಎಂಟು ಕೋಳಿ. ನೋಡುವವನ ಕಣ್ಣಿನಲ್ಲಿ ಆ ಪಾತ್ರೆಯ ಸಮೃದ್ಧಿಯೇ ಉಳಿಯುತ್ತದೆ, ಮುಂದೆ ತಟ್ಟೆಯಲ್ಲಿ ನಾಲ್ಕು ಪೀಸು ಕಂಡಾಗ ಅದು ಚಿಕ್ಕದಾಗಿಬಿಡುತ್ತದೆ. ಇಲ್ಲವೇ ತಟ್ಟೆಯನ್ನು ತೋರಿಸುವುದೇ ಇಲ್ಲ, ಪಾತ್ರೆಯಲ್ಲೇ ವಿಡಿಯೊ ಮುಗಿಯುತ್ತದೆ. ಪಾತ್ರೆ ಬೇಕಿದ್ದರೆ ಎರಡು ಸೆಕೆಂಡ್ ಇರಲಿ. ಹೊಸ ಊಟ ಇದು ಅಂತ ತೋರಿಸುವ ಜಾಗ ಮಾತ್ರ ತಟ್ಟೆಯೇ ಆಗಿರಲಿ. ಖಾಲಿ ಸ್ಟೀಲ್ ತಟ್ಟೆ ಇಡಿ. ಪಕ್ಕದಲ್ಲಿ ನೀವು ದಿನಾ ಕೊಡುವ ನೀರಿನ ಲೋಟ ಇರಲಿ, ಅದರ ಗಾತ್ರ ಎಲ್ಲರಿಗೂ ಗೊತ್ತು. ಅಮ್ಮ ಮುದ್ದೆ ಇಡಲಿ, ಅವರ ಕೈ ಫ್ರೇಮಿನಲ್ಲಿ ಕಾಣಲಿ, ಮುದ್ದೆ ಎಷ್ಟು ದಪ್ಪ ಅಂತ ಕೈಯೇ ಹೇಳುತ್ತದೆ. ಆಮೇಲೆ ಅಪ್ಪ ಸೌಟಿನಲ್ಲಿ ಬಡಿಸಲಿ. ಇಷ್ಟನ್ನೂ ಒಂದೇ ಶಾಟ್‌ನಲ್ಲಿ ತೆಗೆಯಬೇಕು, ನಡುವೆ ಕತ್ತರಿ ಹಾಕಬಾರದು. ಕತ್ತರಿ ಬಿದ್ದರೆ ಎಷ್ಟು ಸೌಟು ಬಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿ ಇಲ್ಲದಿದ್ದರೆ ನೋಡುವವನು ತಾನೇ ಎಣಿಸಿಕೊಳ್ಳುತ್ತಾನೆ: ಒಂದು, ಎರಡು, ಮೂರು, ನಾಲ್ಕು. ಜನ ಅಲ್ಲೇ ನಿಂತು ನೋಡುತ್ತಾರೆ, ಸಪ್ಪೆಯಾಗುತ್ತದೆ ಅನ್ನುವ ಭಯ ಬೇಡ.

ಫೋನ್ ಹಿಡಿಯುವ ರೀತಿಯಲ್ಲೂ ಸುಳ್ಳು ನುಸುಳುತ್ತದೆ, ನಿಮಗೆ ಗೊತ್ತಿಲ್ಲದೆಯೇ. ಫೋನನ್ನು ತಟ್ಟೆಯ ಅಂಚಿಗೆ ತಂದು, ಕೆಳಗಿನಿಂದ, 0.5x ವೈಡ್ ಲೆನ್ಸ್‌ನಲ್ಲಿ ತೆಗೆದರೆ ಹತ್ತಿರದ ಮುದ್ದೆ ಬೆಟ್ಟವಾಗುತ್ತದೆ, ಹಿಂದಿನ ಲೋಟ ಪುಟಾಣಿಯಾಗುತ್ತದೆ. ಹತ್ತಿರ ಇರುವುದನ್ನು ದೊಡ್ಡದು ಮಾಡುವುದು ವೈಡ್ ಲೆನ್ಸ್ ಗುಣ. ಅದಕ್ಕೆ ಫೋನನ್ನು ಎರಡು ಅಡಿ ಹಿಂದಕ್ಕೆ ಒಯ್ದು 2x ಇಟ್ಟುಕೊಳ್ಳಿ. ಎತ್ತರ, ಊಟಕ್ಕೆ ಕೂತವನ ಕಣ್ಣಿನಷ್ಟು. ಅವನು ತನ್ನ ತಟ್ಟೆಯನ್ನು ನೋಡುವುದು ಅಲ್ಲಿಂದಲೇ ತಾನೇ. ನಿಮ್ಮ ಹೋಟೆಲ್‌ನಲ್ಲಿ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಇದ್ದರೆ ವಿಡಿಯೊದಲ್ಲಿ ಪಟ್ಟಿ ಪಟ್ಟಿ ಓಡುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಬಹಳ ಫೋನ್‌ಗಳು ತೆಗೆಯುವುದು ಸೆಕೆಂಡಿಗೆ 30 ಫ್ರೇಮ್, ಎರಡೂ ಹೊಂದುವುದಿಲ್ಲ. ಸೆಟ್ಟಿಂಗ್‌ನಲ್ಲಿ 25 ಫ್ರೇಮ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಬೆಳಿಗ್ಗೆ ಬಾಗಿಲ ಹತ್ತಿರದ ಮೇಜಿನಲ್ಲಿ, ಲೈಟ್ ಆರಿಸಿ ಶೂಟ್ ಮಾಡಿ. ಹಿಂದೆ ಸ್ವಲ್ಪ ಕತ್ತಲು ಇದ್ದು ಬೆಳಕು ಪಕ್ಕದಿಂದ ಬಂದರೆ ಹಬೆ ತಾನಾಗಿಯೇ ಕಾಣುತ್ತದೆ, ಅದಕ್ಕೆ ಬೇರೆ ಉಪಾಯ ಬೇಡ.

ಫಿಲ್ಟರ್ ಹಾಕಬೇಡಿ ಅಂತ ಹೇಳುವುದಕ್ಕೂ ರುಚಿಗೂ ನೇರ ಸಂಬಂಧ ಇದೆ. ನಿಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಹಾಕುತ್ತಿದ್ದರೆ ಸಾರು ಒಳ್ಳೆ ಕೆಂಪಗಿರುತ್ತದೆ. ಆದರೆ ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಗುಂಟೂರು ಹಾಕಿದರೆ ಖಾರ. ಕೆಂಪು ಕಂಡವನು ಖಾರ ಅಂದುಕೊಳ್ಳುತ್ತಾನೆ. ಫೋನಿನಲ್ಲಿ ಆ ಕೆಂಪನ್ನು ಇನ್ನಷ್ಟು ಏರಿಸಿದರೆ ಖಾರ ತಿನ್ನುವವನು ಆಸೆಪಟ್ಟು ಬಂದು ನಿರಾಸೆಯಾಗುತ್ತಾನೆ, ಮಕ್ಕಳಿರುವವರು ಹೆದರಿ ಬರುವುದೇ ಇಲ್ಲ. ಎರಡೂ ಕಡೆ ನಷ್ಟ. ಕೊತ್ತಂಬರಿ ಬೀಜ, ಗಸಗಸೆ, ತೆಂಗಿನಕಾಯಿ ಹೆಚ್ಚಿರುವ ನಿಮ್ಮ ಕಡೆಯ ಸಾರು ನಿಜವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ಕಂದನ್ನು ಹಾಗೇ ಬಿಡಿ.

ಇನ್ನು ಮಾತು. ‘ಬಾಯಲ್ಲಿ ಕರಗುತ್ತೆ’ ಅನ್ನುವುದು ನಾಟಿ ಕೋಳಿಗೆ ಹೊಗಳಿಕೆಯೇ ಅಲ್ಲ, ತಪ್ಪು ಮಾಹಿತಿ. ಫಾರಂ ಕೋಳಿ ಐದಾರು ವಾರದ ಮರಿ, ಅದು ಮೆತ್ತಗಿರುತ್ತದೆ. ನಾಟಿ ಕೋಳಿ ಐದಾರು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಹಿತ್ತಿಲಲ್ಲಿ ಓಡಾಡಿ ಬೆಳೆದದ್ದು. ಅದರ ಬಾಡು ಗಟ್ಟಿ, ಬೇಯಲು ಹೊತ್ತು ಬೇಕು, ಬೆಂದ ಮೇಲೂ ಅಗಿಯಬೇಕು. ಅದನ್ನು ಗೊತ್ತಿದ್ದು ತಿನ್ನುವವನಿಗೆ ಬೇಕಾದದ್ದೇ ಅದು. ಗೊತ್ತಿಲ್ಲದವನು ‘ಬೆಂದಿಲ್ಲ’ ಅಂತ ತಟ್ಟೆ ವಾಪಸ್ ಕಳಿಸುತ್ತಾನೆ. ‘ಸ್ವಲ್ಪ ಅಗಿಯಬೇಕು’ ಅನ್ನುವ ಎರಡು ಪದ ವಿಡಿಯೊದಲ್ಲಿ ಇದ್ದರೆ ಆ ಜಗಳ ಅರ್ಧಕ್ಕರ್ಧ ಇಲ್ಲ. ಚರ್ಮ ಸಮೇತ ಮಾಡುತ್ತೀರಿ ಅನ್ನುವುದನ್ನೂ ಹೇಳಿ. ಬೆಂಗಳೂರಿನಲ್ಲಿ ಸ್ಕಿನ್‌ಲೆಸ್ ತಿಂದೇ ಬೆಳೆದ ಮಕ್ಕಳಿಗೆ ಅದು ಮೊದಲ ಸಲ ಇರಬಹುದು.

ಅದಕ್ಕೂ ಮುಂಚೆ ಒಂದು ವಿಷಯ ನಿಮ್ಮಲ್ಲೇ ಖಾತ್ರಿ ಮಾಡಿಕೊಳ್ಳಿ. ತರುವುದು ನಾಟಿಯೋ, ಗಿರಿರಾಜವೋ? ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ತಳಿ. ಹಿತ್ತಿಲಲ್ಲೇ ಸಾಕಬಹುದು, ಬಣ್ಣ ಬಣ್ಣದ ಪುಕ್ಕ ಇರುತ್ತದೆ, ಬೇಗ ತೂಕ ಬರುತ್ತದೆ. ಕೆಟ್ಟ ಕೋಳಿಯೇನೂ ಅಲ್ಲ, ಸಾರು ಚೆನ್ನಾಗಿಯೇ ಆಗುತ್ತದೆ. ಆದರೆ ಅದು ನಾಟಿ ಅಲ್ಲ. ಮಂಡ್ಯದ ಕಡೆಯ ಹಳಬರು ಮೂಳೆ ಕಚ್ಚಿದ ಕೂಡಲೇ ಹೇಳುತ್ತಾರೆ. ವ್ಯಾಪಾರಿ ಎರಡನ್ನೂ ಬೆರೆಸಿ ಕೊಡುತ್ತಿದ್ದರೆ ಬೋರ್ಡಿನಲ್ಲಿ, ವಿಡಿಯೊದಲ್ಲಿ ‘ನಾಟಿ’ ಅಂತ ಹಾಕುವ ಮುಂಚೆ ಅದನ್ನು ಸರಿಮಾಡಿಕೊಳ್ಳಿ. ಸಿಗದ ವಾರ ‘ಇವತ್ತು ಗಿರಿರಾಜ’ ಅಂತ ಬೋರ್ಡ್ ಬರೆದು ರೇಟು ಇಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರುಚಿ ಹೇಳುವಾಗ ‘ಸೂಪರ್’, ‘ಅದ್ಭುತ’, ‘ಬೇರೆ ಲೆವೆಲ್’ ಯಾವುದೂ ಏನನ್ನೂ ಹೇಳುವುದಿಲ್ಲ. ಅವು ಉತ್ಪ್ರೇಕ್ಷೆ ಅನ್ನುವುದಕ್ಕಿಂತ ಖಾಲಿ ಮಾತು, ಬಿರಿಯಾನಿಗೂ ಹೊಂದುತ್ತವೆ, ಐಸ್‌ಕ್ರೀಮಿಗೂ ಹೊಂದುತ್ತವೆ. ಅದರ ಬದಲು ಮೂರು ಪ್ರಶ್ನೆಗೆ ಉತ್ತರ ಹೇಳಿ. ಸಾರು ತೆಳುವೋ ಗಟ್ಟಿಯೋ? ಖಾರ ಯಾವುದರದ್ದು, ಎಲ್ಲಿ ಗೊತ್ತಾಗುತ್ತದೆ? ಬಾಡು ಬಾಯಲ್ಲಿ ಹೇಗಿದೆ? ಮೆಣಸಿನಕಾಯಿ ಖಾರ ನಾಲಿಗೆಯ ಮೇಲೆ ಕೂತುಬಿಡುತ್ತದೆ, ಕರಿಮೆಣಸಿನದು ತಡವಾಗಿ ಬಂದು ಗಂಟಲು ಹಿಡಿಯುತ್ತದೆ. ಇಷ್ಟು ಹೇಳಿದರೆ ತಿನ್ನುವವನಿಗೆ ಬಾಯಲ್ಲಿ ನೀರೂರಲು ಸಾಕು. ಮುದ್ದೆಯ ಬಗ್ಗೆ ರುಚಿ ವರ್ಣನೆಗೆ ಹೋಗಬೇಡಿ. ಮುದ್ದೆಗೆ ತನ್ನದೇ ರುಚಿ ಕಡಿಮೆ, ಅದರ ಕೆಲಸ ಸಾರನ್ನು ಹೊತ್ತು ಗಂಟಲಲ್ಲಿ ಇಳಿಯುವುದು. ಗಂಟಿಲ್ಲ, ಬಿಸಿ ಇದೆ, ಎಷ್ಟು ದಪ್ಪ, ಮುಗಿಯಿತು.

ಈ ಪದಗಳು ನಿಮ್ಮ ಮನೆಯವರಿಂದ ಬರುವುದಿಲ್ಲ, ಅದೂ ಗೊತ್ತಿರಲಿ. ಅಪ್ಪನಿಗೆ ತಮ್ಮ ಸಾರಿನಲ್ಲಿ ಖಾರ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ, ದಿನಾ ತಿಂದು ಅಭ್ಯಾಸ. ನಿಮ್ಮ ಹೋಟೆಲ್‌ನಲ್ಲಿ ಯಾವತ್ತೂ ತಿನ್ನದ ಒಬ್ಬಿಬ್ಬರಿಗೆ ಬಡಿಸಿ. ಒಬ್ಬರು ನಿಮ್ಮ ಕಡೆಯವರೇ ಇರಲಿ, ಇನ್ನೊಬ್ಬರು ಮುದ್ದೆ ತಿನ್ನದ ಊರಿನವರಿದ್ದರೆ ಒಳ್ಳೆಯದು. ಹೇಗಿದೆ ಅಂತ ಕೇಳಬೇಡಿ, ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ, ಇನ್ನೇನು ಅಂದಾರು. ‘ಇದನ್ನು ನಿಮ್ಮ ಅಣ್ಣನಿಗೆ ಫೋನಿನಲ್ಲಿ ಹೇಳಬೇಕಾದರೆ ಹೇಗೆ ಹೇಳುತ್ತೀರಿ’ ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ನಿಮ್ಮ ವಿಡಿಯೊದ ಒಳ್ಳೆಯ ಸಾಲು ಅದರಲ್ಲೇ ಸಿಗುತ್ತದೆ.

‘ಅನ್‌ಲಿಮಿಟೆಡ್’ ಪದವನ್ನು ಪೂರ್ತಿ ಬಿಟ್ಟುಬಿಡಿ. ನಿಮ್ಮಲ್ಲಿ ಎರಡನೇ ಸಲ ಬರುವುದು ಅನ್ನ ಮತ್ತು ಸಾರು, ಪೀಸು ಬರುವುದಿಲ್ಲ. ಕೇಳುವವನು ಆ ಪದವನ್ನು ಪೀಸಿಗೂ ಸೇರಿಸಿಕೊಳ್ಳುತ್ತಾನೆ. ಎರಡನೇ ಮುದ್ದೆಗೆ ದುಡ್ಡು ತೆಗೆದುಕೊಳ್ಳುತ್ತೀರಾ? ಹಾಗಿದ್ದರೆ ಅದನ್ನೂ ಹೇಳಿ. ‘ಇಬ್ಬರಿಗೆ ಸಾಕು’ ಅನ್ನುವ ಮಾತೂ ಬೇಡ, ಇಬ್ಬರು ಯಾರು ಅನ್ನುವುದರ ಮೇಲೆ ಅದು ನಿಂತಿದೆ. ಒಬ್ಬರ ಊಟ ಅನ್ನಿ.

ಇಷ್ಟೆಲ್ಲ ಸೇರಿದರೆ ವಿಡಿಯೊ 25–30 ಸೆಕೆಂಡ್ ದಾಟುವುದಿಲ್ಲ. ಮಾತು ಹೀಗಿರಬಹುದು, ನಿಮ್ಮದೇ ದನಿಯಲ್ಲಿ, ನಿಮ್ಮೂರಿನ ಭಾಷೆಯಲ್ಲಿ:

ಖಾಲಿ ತಟ್ಟೆ ಕಂಡಾಗ: “ಭಾನುವಾರದ ನಾಟಿ ಕೋಳಿ ಊಟ, ಮದ್ದೂರು ಹಳೇ ರಸ್ತೆ.”
ಅಮ್ಮ ಮುದ್ದೆ ಇಟ್ಟಾಗ: “ಒಂದು ಮುದ್ದೆ, ಕಾಲು ಕೆಜಿ.”
ಸೌಟು ಬಿದ್ದಾಗ: “ನಾಕು ಪೀಸು, ಮೂಳೆ ಚರ್ಮ ಸಮೇತ. ಲೆಗ್ ಪೀಸು ಎಲ್ರಿಗೂ ಬರಲ್ಲ, ಒಂದು ಕೋಳಿಗೆ ಎರಡೇ ಕಾಲು.”
ಮುದ್ದೆ ಮುರಿದು ಸಾರಿಗೆ ಅದ್ದುವಾಗ: “ಸಾರು ತೆಳು. ಮೆಣಸಿನ ಖಾರ, ಗಂಟಲಲ್ಲಿ ಗೊತ್ತಾಗುತ್ತೆ. ಬಾಡು ಸ್ವಲ್ಪ ಅಗೀಬೇಕು, ನಾಟಿ ಅಲ್ವಾ.”
ಕೊನೆಗೆ: “ಅನ್ನ, ಸಾರು ಮತ್ತೆ ಹಾಕ್ತೀವಿ, ಪೀಸು ಇಲ್ಲ. ಒಬ್ರಿಗೆ 280. ಹನ್ನೆರಡೂವರೆಗೆ ಶುರು, 40 ಊಟ ಆದ್ಮೇಲೆ ಇಲ್ಲ.”

ಕಾಲಿನ ಸಾಲಿಗೆ ಜನ ನಗುತ್ತಾರೆ, ಕಾಮೆಂಟೂ ಅದರ ಮೇಲೇ ಬರುತ್ತದೆ. ನಗಲಿ. ನಗುತ್ತಲೇ ವಿಷಯ ತಲೆಗೆ ಹೋಗಿರುತ್ತದೆ. 40 ಅನ್ನುವುದು ಎಂಟು ಕೋಳಿಯ ಲೆಕ್ಕ. ನಿಮ್ಮದು ಆರು ಕೋಳಿಯಾದರೆ 30 ಅನ್ನಿ. ‘ಬೇಗ ಬನ್ನಿ, ಮುಗಿದುಹೋಗುತ್ತೆ’ ಅಂತ ಹೆದರಿಸುವುದಕ್ಕಿಂತ ನಿಜವಾದ ಸಂಖ್ಯೆ ಹೇಳಿದರೆ ಮೂರು ಗಂಟೆಗೆ ಬರುವವನು ಮೊದಲೇ ಫೋನ್ ಮಾಡಿ ಬರುತ್ತಾನೆ. ಕಾಲು ಕೆಜಿ, ನಾಲ್ಕು ಪೀಸು, 280, ಈ ಮೂರನ್ನು ಪರದೆಯ ಮೇಲೂ ಬರೆಯಿರಿ. ರೀಲ್ಸ್ ನೋಡುವ ಬಹಳ ಜನ ಸೌಂಡ್ ಇಟ್ಟುಕೊಂಡಿರುವುದಿಲ್ಲ. ಅಕ್ಷರ ಪರದೆಯ ನಡುಭಾಗದಲ್ಲಿರಲಿ, ತೀರಾ ಕೆಳಗೆ ಹಾಕಿದರೆ ಹೆಸರು, ಕ್ಯಾಪ್ಷನ್ ಬಂದು ಮುಚ್ಚಿಬಿಡುತ್ತವೆ.

ಕಾನೂನಿನ ಮಾತು ಚಿಕ್ಕದಾಗಿ. ಹೋಟೆಲ್ ವಿಡಿಯೊ ಕೂಡ ಜಾಹೀರಾತೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಆಹಾರದ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮಗಳಲ್ಲಿ ‘ಫ್ರೆಶ್’, ‘ನ್ಯಾಚುರಲ್’, ‘ಟ್ರೆಡಿಷನಲ್’ ತರಹದ ಪದಗಳನ್ನು ಯಾವಾಗ ಬಳಸಬಹುದು ಅಂತ ಷರತ್ತು ಇವೆ. ಮದ್ದೂರಿನ ಒಂದು ಚಿಕ್ಕ ಹೋಟೆಲ್ ಮೇಲೆ ನಾಳೆಯೇ ಯಾರೋ ಬಂದು ಬೀಳುತ್ತಾರೆ ಅಂತಲ್ಲ. ಯೂಟ್ಯೂಬರ್‌ನನ್ನು ಮತ್ತೆ ಕರೆಯುವುದಿದ್ದರೆ ಮಾತ್ರ ಇದು ನೆನಪಿರಲಿ: ಅವರಿಗೆ ದುಡ್ಡು ಕೊಟ್ಟರೂ, ಊಟ ಬಿಟ್ಟಿ ಕೊಟ್ಟರೂ ಅದನ್ನು ಅವರು ವಿಡಿಯೊದಲ್ಲಿ ಹೇಳಬೇಕು. ಜೊತೆಗೆ ನಿಮ್ಮ ಅಳತೆಯ ಚೀಟಿಯನ್ನು ಅವರ ಕೈಗೆ ಕೊಡಿ. ತಮ್ಮ ರುಚಿ ಅವರು ಹೇಗಾದರೂ ಹೇಳಲಿ, ಸಂಖ್ಯೆಗಳನ್ನು ಬದಲಿಸಬಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ವಿಡಿಯೊ ಸರಿಯಾಗಿದೆಯೋ ಇಲ್ಲವೋ ವ್ಯೂಸ್‌ನಿಂದ ಗೊತ್ತಾಗುವುದಿಲ್ಲ. ಮೊದಲ ಎರಡು ಭಾನುವಾರ ಕೌಂಟರ್ ಬಿಟ್ಟು ನೀವೇ ಬಡಿಸಿ, ತಟ್ಟೆ ಮೇಜಿಗೆ ಮುಟ್ಟಿದ ಕ್ಷಣದಲ್ಲಿ ಮುಖ ನೋಡಿ. ‘ಇಷ್ಟೇನಾ’ ಅನ್ನುವ ಮಾತು ಎರಡು ಮೇಜಿನಿಂದ ಬಂದರೆ ಬಡಿಸುವ ಅಳತೆ ತಪ್ಪಿದೆ, ಇಲ್ಲವೇ ಶಾಟ್ ದೊಡ್ಡದಾಗಿ ಕಾಣುತ್ತಿದೆ. ತಟ್ಟೆ ತೂಗಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ‘ಬೆಂದಿಲ್ಲ’ ಅನ್ನುವ ಮಾತು ಬರುತ್ತಲೇ ಇದ್ದರೆ, ಅಗಿಯಬೇಕು ಅನ್ನುವ ಸಾಲನ್ನು ವಿಡಿಯೊದ ಮುಂಚಿನ ಭಾಗಕ್ಕೆ ತನ್ನಿ. ಅದಕ್ಕೂ ಮುಂಚೆ ಅಪ್ಪ ಒಲೆ ಬೇಗ ಆರಿಸುತ್ತಿದ್ದಾರಾ ಅಂತಲೂ ನೋಡಿ. ಕೋಳಿ ರೇಟು ಏರಿ 300 ಮಾಡಿದ ದಿನ, ಅಥವಾ ನಾಲ್ಕು ಪೀಸು ಮೂರಾದ ದಿನ, ಹಳೇ ವಿಡಿಯೊ ತೆಗೆದುಹಾಕಿ ಹೊಸದು ಹಾಕಿ. ಪಿನ್ ಮಾಡಿದ ಕಾಮೆಂಟಿನಲ್ಲಿ ಬರೆದರೆ ಸಾಲದು. ವಾಟ್ಸಾಪ್‌ನಲ್ಲಿ ಓಡಾಡುವ ವಿಡಿಯೊ ಜೊತೆ ಕಾಮೆಂಟ್ ಹೋಗುವುದಿಲ್ಲ. ಹಾಗಾಗಿ ಪರದೆಯ ಮೇಲೆ ರೇಟಿನ ಪಕ್ಕದಲ್ಲೇ ತಿಂಗಳು, ವರ್ಷ ಬರೆದಿಡಿ.